ನಕ್ಷೆ ಹರಿದರೆ ಹೊಲ ಹೋದೀತೇ?



“ಡಾಟಾ ಎಲ್ಲ ಹೋಯಿತು ಸಾರ್, ಫಾರ್ಮ್ಯಾಟ್ ಮಾಡಿ ಉಪಯೋಗಿಸಿ.” ಕಂಪ್ಯೂಟರ್ ಅಂಗಡಿಗಳಲ್ಲಿ ಕೇಳಿಬರುವ ಈ ಮಾತಿನ ಮೊದಲರ್ಧ ಬಹಳ ಸಲ ಸುಳ್ಳು. ಎರಡನೆಯ ಅರ್ಧವೋ, ಆ ಸುಳ್ಳನ್ನು ನಿಜ ಮಾಡಿಬಿಡುವ ಉಪಾಯ. ಈ ಮಾತನ್ನು ನಂಬಿ ಮನೆಯ ಫೋಟೋಗಳನ್ನು ಕಳೆದುಕೊಂಡವರು ನಿಮ್ಮಲ್ಲಿಯೂ ಇದ್ದೀರಿ. ಆದ್ದರಿಂದ ಸ್ವಲ್ಪ ಖಾರವಾಗಿಯೇ ಬರೆಯುತ್ತಿದ್ದೇನೆ.

2023ರಲ್ಲಿ ನನ್ನ ತಂಗಿಯ ಮಗ ತನ್ನ ಕಂಪ್ಯೂಟರಿಗೆ ವಿಂಡೋಸ್ ಹೊಸದಾಗಿ ಹಾಕಿಸಲು ಒಂದು ಅಂಗಡಿಗೆ ಒಯ್ದ. ಅಲ್ಲಿಯ ಹುಡುಗ ಪೆನ್ ಡ್ರೈವ್ ಸಿದ್ಧಪಡಿಸುವಾಗ ಇವನ 1 ಟಿಬಿ ಹೊರ ಡಿಸ್ಕ್ ಕೂಡ ಸಿಕ್ಕಿಸಿಕೊಂಡೇ ಇತ್ತು. ಹುಡುಗ ಕೊಟ್ಟ ಆದೇಶಗಳು ಇವು:

```
diskpart
list disk
select disk 1
clean
```

ಪೆನ್ ಡ್ರೈವ್ ಇದ್ದದ್ದು 2ನೆಯ ಸಂಖ್ಯೆಯಲ್ಲಿ. `list disk` ಪ್ರತಿಯೊಂದರ ಗಾತ್ರವನ್ನೂ ತೋರಿಸುತ್ತದೆ. `931 GB` ಎಂದಿರುವುದು ಪೆನ್ ಡ್ರೈವ್ ಆಗಲಾರದೆಂದು ತಿಳಿಯಲು ಓದುವಷ್ಟು ವ್ಯವಧಾನ ಸಾಕಾಗಿತ್ತು. `clean` ಎಂಬುದು “ಖಚಿತವೇ?” ಎಂದು ಕೇಳುವುದೂ ಇಲ್ಲ. ಮರುಕ್ಷಣ ಡಿಸ್ಕ್ ಖಾಲಿಯೆಂದು ಕಾಣಿಸಿತು, ಮೇಲಿನ ತೀರ್ಪೂ ಹೊರಬಿತ್ತು. ಪುಣ್ಯಕ್ಕೆ ಹುಡುಗ ಫಾರ್ಮ್ಯಾಟ್ ಮಾಡುವ ಮೊದಲು ನನ್ನ ಸೋದರಳಿಯ ಡಿಸ್ಕನ್ನು ಕಿತ್ತುಕೊಂಡು ಬಂದ.

ನಿಜವಾಗಿ ಅಳಿಸಿಹೋದದ್ದೇನು? ಹಳೆಯ ಬಗೆಯ ಡಿಸ್ಕಿನಲ್ಲಿ ವಿಭಾಗಗಳ ಪಟ್ಟಿ ಇರುವುದು ಮೊತ್ತಮೊದಲ ಸೆಕ್ಟರಿನ 64 ಬೈಟುಗಳಲ್ಲಿ. ಯಾವ ವಿಭಾಗ ಎಲ್ಲಿ ಆರಂಭವಾಗುತ್ತದೆ, ಎಷ್ಟು ಉದ್ದವಿದೆ ಎಂಬುದಷ್ಟೇ ಅಲ್ಲಿರುವ ಬರಹ. `clean` ಒರೆಸಿದ್ದು ಡಿಸ್ಕಿನ ಆದಿ ಅಂತ್ಯಗಳ ಒಂದೊಂದು ಎಂಬಿಯನ್ನು. ಇವನ ವಿಭಾಗ ಆರಂಭವಾಗುತ್ತಿದ್ದುದು ಸರಿಯಾಗಿ ಆ ಮೊದಲ ಎಂಬಿ ಮುಗಿದ ಮೇಲೆ, 2048ನೆಯ ಸೆಕ್ಟರಿನಲ್ಲಿ. ತಾಲ್ಲೂಕು ಕಚೇರಿಯಲ್ಲಿ ಪೋಡಿ ನಕ್ಷೆ ಸುಟ್ಟುಹೋದರೆ ಹೊಲ ಎಲ್ಲಿಗೂ ಹೋಗುವುದಿಲ್ಲ, ಬಾಂದುಕಲ್ಲುಗಳೂ ಕದಲುವುದಿಲ್ಲ. ಎನ್‌ಟಿಎಫ್‌ಎಸ್ ವಿಭಾಗಕ್ಕೂ ಅಂಥ ಕಲ್ಲುಗಳಿವೆ: ತನ್ನ ಉದ್ದವನ್ನು ಬರೆದುಕೊಂಡಿರುವ ಬೂಟ್ ಸೆಕ್ಟರ್ ಅದರ ತಲೆಯಲ್ಲಿ, ಅದರದೇ ನಕಲು ಬಾಲದಲ್ಲಿ. ಕ್ರಿಸ್ಟೋಫ್ ಗ್ರೆನಿಯೆ ರಚಿಸಿದ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಮಾಡುವ ಕೆಲಸ ಆ ಕಲ್ಲುಗಳನ್ನು ಹುಡುಕಿ ನಕ್ಷೆಯನ್ನು ಮತ್ತೆ ಬರೆಯುವುದು.

ಅದರ ಕಪ್ಪು ಪರದೆಯನ್ನು ಕಂಡು ಹೆದರಬೇಡಿ. ಬಾಣದ ಕೀಲಿಗಳಷ್ಟೇ ಸಾಕು. ಗಾತ್ರವನ್ನು ನೋಡಿ ಡಿಸ್ಕನ್ನು ಆರಿಸಿದೆವು. ಪಟ್ಟಿಯ ಬಗೆ ಕೇಳಿದಾಗ `[Intel]` ಎಂದೆವು, ಏಕೆಂದರೆ ಮೊದಲು ಇದ್ದದ್ದು ಅದೇ. (2 ಟಿಬಿಗಿಂತ ದೊಡ್ಡ ಡಿಸ್ಕ್ ಆಗಿದ್ದರೆ ಸಾಮಾನ್ಯವಾಗಿ `[EFI GPT]`.) ಬಳಿಕ `[Analyse]`, ಆಮೇಲೆ `[Quick Search]`. ಸ್ವಲ್ಪ ಹೊತ್ತಿನಲ್ಲಿಯೇ ಹಳೆಯ ವಿಭಾಗದ ಒಂದು ಸಾಲು ಪರದೆಗೆ ಬಂತು. `P` ಒತ್ತಿದಾಗ ಅಜ್ಜಿಯ ಶತಮಾನದ ಹುಟ್ಟುಹಬ್ಬದ ಕಡತಗಳು ಹೆಸರು ಸಹಿತ ಕಾಣಿಸಿಕೊಂಡವು. ಪರೀಕ್ಷೆಯೆಂದರೆ ಇದೇ: ಹೆಸರುಗಳು ಸರಿಯಾಗಿ ಕಂಡರೆ ಗಡಿ ಸರಿಯಾಗಿದೆ, ಪಟ್ಟಿಯೇ ತೆರೆಯದಿದ್ದರೆ ಏನನ್ನೂ ಬರೆಯದೆ `[Deeper Search]`ಗೆ ಹೋಗಬೇಕು.

ಇಲ್ಲಿಯವರೆಗೆ ತಂತ್ರಾಂಶ ಡಿಸ್ಕನ್ನು ಓದಿದೆಯೇ ಹೊರತು ಏನನ್ನೂ ಬರೆದಿಲ್ಲ. ಆದ್ದರಿಂದ ಅಲ್ಲಿಯೇ ನಿಂತು, `a` ಒತ್ತಿ ಎಲ್ಲವನ್ನೂ ಗುರುತಿಸಿ, ದೊಡ್ಡಕ್ಷರದ `C` ಒತ್ತಿ ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಂಡೆವು. ಅದು ಮುಗಿದ ಮೇಲೆಯೇ `[Write]`, ನಂತರ `Y`. ಕಂಪ್ಯೂಟರನ್ನು ಮತ್ತೆ ಆರಂಭಿಸಿದಾಗ ಡಿಸ್ಕ್ ಎಂದಿನಂತೆ ತೆರೆಯಿತು.

ಅಂಗಡಿಯವರ ಸಲಹೆಯಂತೆ ಫಾರ್ಮ್ಯಾಟ್ ಮಾಡಿದ್ದರೆ? ಕ್ವಿಕ್ ಫಾರ್ಮ್ಯಾಟ್ ಹೊಸ ಕಡತಸೂಚಿಯನ್ನು ಸ್ಥಾಪಿಸುತ್ತದೆ. ಅದು ಹಳೆಯ ಸೂಚಿಯ ಮೇಲೆಯೇ ಬಿದ್ದು ಅದರ ಆರಂಭವನ್ನು ಕೆಡಿಸಬಹುದು. ಪೂರ್ಣ ಫಾರ್ಮ್ಯಾಟ್, ವಿಂಡೋಸ್ ವಿಸ್ಟಾದಿಂದ ಈಚೆಗೆ, ಇಡೀ ವಿಭಾಗಕ್ಕೆ ಸೊನ್ನೆ ತುಂಬುತ್ತದೆ. ಆಗ ಹೊಲವನ್ನೇ ಅಗೆದು ಮಣ್ಣು ಸಾಗಿಸಿದಂತೆ. ಹುಡುಗ `clean all` ಎಂದು ಬರೆದಿದ್ದರೂ ಇದೇ ಗತಿ. ಸುಲಭವಾಗಿ ಸರಿಪಡಿಸಬಹುದಾದ ಅವಘಡವನ್ನು ಸರಿಪಡಿಸಲಾಗದ ಅನಾಹುತವನ್ನಾಗಿ ಮಾಡುವ ಈ ಸಲಹೆಗೆ ಅಂಗಡಿಗಳು ಶುಲ್ಕವನ್ನೂ ಪಡೆಯುತ್ತವೆ ಎಂಬುದು ನನ್ನ ಸಿಟ್ಟಿಗೆ ಕಾರಣ.

ಟೆಸ್ಟ್‌ಡಿಸ್ಕಿಗೂ ಮಿತಿಯುಂಟು. ಒಳಗಿನಿಂದ ಟಿಕ್ ಟಿಕ್ ಸದ್ದು ಬರುವ ಡಿಸ್ಕಿನ ಮೇಲೆ ಇದನ್ನು ಓಡಿಸಬಾರದು. ಆ ಕಾಯಿಲೆ ನಕ್ಷೆಯದಲ್ಲ, ಯಂತ್ರದ್ದು. ಎಸ್‌ಎಸ್‌ಡಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಆಸೆ ಕಡಿಮೆ: ಆ ಜಾಗ ಇನ್ನು ಬೇಡವೆಂಬ ಟ್ರಿಮ್ ಸಂದೇಶ ಸಾಮಾನ್ಯವಾಗಿ ಆಗಲೇ ಅದಕ್ಕೆ ಹೋಗಿರುತ್ತದೆ, ಅದು ತಾನೇ ಒಳಗಿಂದ ಜಾಗವನ್ನು ಅಳಿಸಿಕೊಳ್ಳುತ್ತದೆ. ನಿಮ್ಮಲ್ಲಿ ಯಾರಿಗಾದರೂ ಇಂಥದ್ದು ಒದಗಿದರೆ ಡಿಸ್ಕನ್ನು ಕೂಡಲೇ ಬಿಡಿಸಿಟ್ಟು, ಪರದೆಯಲ್ಲಿ ಏನೇನು ಒತ್ತಲಾಯಿತು ಎಂಬುದನ್ನು ಕಾಗದದಲ್ಲಿ ಬರೆದುಕೊಂಡು, ಆಮೇಲೆ ನನಗೆ ಫೋನ್ ಮಾಡಿ.