ಹದಿನೆಂಟು ಸೆಕೆಂಡ್ ಮುಂದಿರುವ ಗಡಿಯಾರ

2022ರ ಆಗಸ್ಟ್ 15, ಸೋಮವಾರ. ನಮ್ಮಲ್ಲಿ ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆ. ಆ ಕ್ಷಣದಲ್ಲಿ ಜಿಪಿಎಸ್ ಉಪಗ್ರಹಗಳು ಕಳಿಸುತ್ತಿದ್ದ ಸಮಯದಲ್ಲಿ ಆಗಸ್ಟ್ ಇರಲಿಲ್ಲ, ಇಸವಿ ಇರಲಿಲ್ಲ, ಹತ್ತು ಗಂಟೆಯೂ ಇರಲಿಲ್ಲ. ಇದ್ದದ್ದು ಎರಡೇ ಸಂಖ್ಯೆ: 175 ಮತ್ತು 102618. ಮೊದಲನೆಯದು ವಾರದ ಎಣಿಕೆ, ಎರಡನೆಯದು ಆ ವಾರ ಶುರುವಾದಾಗಿನಿಂದ ಕಳೆದ ಸೆಕೆಂಡುಗಳು. ಇವೆರಡರಿಂದ ನಮ್ಮ ಹತ್ತು ಗಂಟೆಯನ್ನು ಕಟ್ಟಿಕೊಡುವ ಕೆಲಸ ಪೂರ್ತಿಯಾಗಿ ಕೈಯಲ್ಲಿರುವ ರಿಸೀವರ್‌ನದು.

ಜಿಪಿಎಸ್ ತನ್ನ ವಾರಗಳನ್ನು 1980ರ ಜನವರಿ 6ರಿಂದ ಎಣಿಸುತ್ತದೆ. ಆ ಲೆಕ್ಕದಲ್ಲಿ ನಾವು ಹಿಡಿದಿರುವ ದಿನ 2223ನೇ ವಾರಕ್ಕೆ ಸೇರಿದ್ದು. ಆದರೆ ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಹಳೆಯ ಸಂಕೇತದಲ್ಲಿ ವಾರಕ್ಕೆ ಹತ್ತು ಬಿಟ್‌ಗಳ ಜಾಗವಷ್ಟೇ ಇದೆ. 1023 ಆದಮೇಲೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. 1999ರಲ್ಲೂ 2019ರಲ್ಲೂ ಹೀಗೆ ಸುತ್ತು ಮುಗಿದಿತ್ತು. 2223ರಿಂದ ಎರಡು ಸುತ್ತುಗಳನ್ನು ಕಳೆದರೆ ಉಳಿಯುವುದು 175. ಮುಗಿದದ್ದು ಒಂದೇ ಸುತ್ತು ಎಂದುಕೊಂಡ ಹಳೆಯ ಉಪಕರಣ ಅದೇ ದಿನವನ್ನು 2002ರ ಡಿಸೆಂಬರ್ 30 ಎಂದು ತೋರಿಸುತ್ತದೆ. ವಾರ ಮಾತ್ರ ಸೋಮವಾರವೇ, ಗಂಟೆ ನಿಮಿಷಗಳೂ ಸರಿಯೇ. ದಿನಾಂಕ ಹತ್ತೊಂಬತ್ತು ವರ್ಷ ಏಳೂವರೆ ತಿಂಗಳು ಹಿಂದೆ ಹೋಗಿ, ಉಳಿದದ್ದೆಲ್ಲ ಸರಿಯಿದ್ದರೆ ಕಾರಣ ಇದೇ ಎಂದು ಧೈರ್ಯವಾಗಿ ಹೇಳಬಹುದು.

ಈಗ 102618. ಇದರಲ್ಲಿ ಭಾನುವಾರದ 86400 ಸೆಕೆಂಡ್ ಕಳೆದರೆ ಸೋಮವಾರದ 16218 ಉಳಿಯುತ್ತದೆ. ಅಂದರೆ ನಾಲ್ಕೂವರೆ ಗಂಟೆ ಮತ್ತು ಹದಿನೆಂಟು ಸೆಕೆಂಡ್. ಅದೇ ಹೊತ್ತಿನಲ್ಲಿ ಯುಟಿಸಿ, ಅಂದರೆ ಜಗತ್ತಿನ ಗಡಿಯಾರಗಳೆಲ್ಲ ಒಪ್ಪಿಕೊಂಡಿರುವ ಸಮಯ, ಸರಿಯಾಗಿ ನಾಲ್ಕೂವರೆ. ಈ ಹದಿನೆಂಟು ಸೆಕೆಂಡ್ ಭೂಮಿಯ ಲೆಕ್ಕದ್ದು. ಭೂಮಿಯ ತಿರುಗುವಿಕೆ ಪರಮಾಣು ಗಡಿಯಾರದಷ್ಟು ನಿಯತವಲ್ಲ. ಚಾಂದ್ರಮಾನವನ್ನು ಋತುಗಳಿಗೆ ಹೊಂದಿಸಲು ಪಂಚಾಂಗದವರು ಅಧಿಕ ಮಾಸ ಸೇರಿಸುವಂತೆ ಯುಟಿಸಿಗೆ ಆಗಾಗ ಒಂದು ಅಧಿಕ ಸೆಕೆಂಡ್ ಸೇರಿಸುತ್ತಾರೆ. ಕೊನೆಯದನ್ನು ಸೇರಿಸಿದ್ದು 2016ರ ಕೊನೆಗೆ. ನಮ್ಮ ಲೆಕ್ಕದಲ್ಲಿ ಅದು 2017ರ ಜನವರಿ 1ರ ಬೆಳಿಗ್ಗೆ ಐದೂವರೆಗೆ ಸ್ವಲ್ಪ ಮೊದಲು. 1980ರಿಂದ ಅಂಥವು ಹದಿನೆಂಟು ಸೇರಿವೆ. ಜಿಪಿಎಸ್ ಒಂದನ್ನೂ ಸೇರಿಸಿಕೊಂಡಿಲ್ಲ. ಸಂಕೇತ ಬಂದು ಮುಟ್ಟಲು ಹಿಡಿದ ಸಮಯದಿಂದಲೇ ದೂರ ಅಳೆಯುವ ವ್ಯವಸ್ಥೆ ಅದು. ನಡುವೆ ಒಂದು ಸೆಕೆಂಡ್ ತೂರಿಸಿದ್ದನ್ನು ಗಮನಿಸದ ರಿಸೀವರ್‌ಗೆ ಬೆಳಕು ಒಂದು ಸೆಕೆಂಡಿನಲ್ಲಿ ಸಾಗುವ ಮೂರು ಲಕ್ಷ ಕಿಲೋಮೀಟರ್‌ಗಳ ತಪ್ಪು ಬರುತ್ತದೆ. ಎಲ್ಲೂ ಮುರಿಯದ ಎಣಿಕೆಯನ್ನು ಇಟ್ಟುಕೊಂಡದ್ದು ಬಹಳ ವಿವೇಕದ ನಿರ್ಧಾರ ಎಂಬುದು ನನ್ನ ಅಭಿಪ್ರಾಯ. ನಮ್ಮ ಇಸ್ರೋದ ನಾವಿಕ್ ಕೂಡ ಇದೇ ದಾರಿ ಹಿಡಿದಿದೆ. ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ ಕಾಯಲಾಗುವ ಅದರ ಸಮಯ 1999ರ ಆಗಸ್ಟ್ 22ರಿಂದ ಎಣಿಕೆ ಶುರು ಮಾಡಿದರೂ ಇಂದು ಯುಟಿಸಿಗಿಂತ ಅದೇ ಹದಿನೆಂಟು ಸೆಕೆಂಡ್ ಮುಂದಿದೆ. ರಷ್ಯಾದ ಗ್ಲೋನಾಸ್ ಮಾತ್ರ ಅಧಿಕ ಸೆಕೆಂಡನ್ನು ತನ್ನ ಸಮಯಕ್ಕೇ ಸೇರಿಸಿಕೊಳ್ಳುತ್ತದೆ.

ಹದಿನೆಂಟು ಕಳೆಯಬೇಕು ಎಂಬುದು ರಿಸೀವರ್‌ಗೆ ಗೊತ್ತಾಗುವುದೂ ಉಪಗ್ರಹದಿಂದಲೇ, ಆದರೆ ತಡವಾಗಿ. ಸಂದೇಶ ಬರುವ ವೇಗ ಸೆಕೆಂಡಿಗೆ ಬರೀ 50 ಬಿಟ್. ವಾರ ಮತ್ತು ಸೆಕೆಂಡಿನ ಎಣಿಕೆ ಅರ್ಧ ನಿಮಿಷದಲ್ಲಿ ಸಿಗುತ್ತದೆ. ಯುಟಿಸಿ ವ್ಯತ್ಯಾಸ ಹೇಳುವ ಪುಟ ಬರುವುದು ಹನ್ನೆರಡೂವರೆ ನಿಮಿಷಕ್ಕೊಮ್ಮೆ. ಬಹಳ ದಿನ ಆರಿಸಿಟ್ಟ ಉಪಕರಣವನ್ನು ಬಯಲಿಗೆ ತಂದು ಹಾಕಿದಾಗ ಜಾಗ ಸರಿಯಾಗಿ ತೋರಿಸಿ ಸಮಯ ಕೆಲವು ಸೆಕೆಂಡ್ ಮುಂದಿದ್ದರೆ, ಆಮೇಲೆ ಇದ್ದಕ್ಕಿದ್ದಂತೆ ಹಿಂದಕ್ಕೆ ಜಿಗಿದರೆ, ಆ ಪುಟ ಆಗಷ್ಟೇ ಕೈಸೇರಿದೆ ಎಂದರ್ಥ. ಮೊಬೈಲ್‌ನಲ್ಲಿ ಇದು ಕಾಣದು, ಅದಕ್ಕೆ ಈ ಮಾಹಿತಿ ನೆಟ್‌ವರ್ಕ್‌ನಿಂದಲೇ ಬಂದಿರುತ್ತದೆ.

ಆ ಪುಟದಲ್ಲಿ ಹದಿನೆಂಟರ ಜೊತೆಗೆ ಸೂಕ್ಷ್ಮವಾದ ತಿದ್ದುಪಡಿಯೂ ಇರುತ್ತದೆ. 2016ರ ಜನವರಿ 26ರಂದು ಹಳೆಯ ಉಪಗ್ರಹವೊಂದನ್ನು ಸೇವೆಯಿಂದ ತೆಗೆದಾಗ ಕೆಲವು ಉಪಗ್ರಹಗಳು ಈ ತಿದ್ದುಪಡಿಯನ್ನು ಸುಮಾರು 13 ಮೈಕ್ರೋಸೆಕೆಂಡ್ ತಪ್ಪಾಗಿ ಬಿತ್ತರಿಸಿದವು. ಜಿಪಿಎಸ್‌ನಿಂದ ಸಮಯ ಪಡೆಯುತ್ತಿದ್ದ ದೂರಸಂಪರ್ಕ ಉಪಕರಣಗಳು ಗೊಂದಲಕ್ಕೆ ಬಿದ್ದವು. ಅದೇ ಹೊತ್ತಿನಲ್ಲಿ ದಾರಿ ಹುಡುಕುತ್ತಿದ್ದವರಿಗೆ ಏನೂ ಆಗಲಿಲ್ಲ. ಸ್ಥಾನದ ಲೆಕ್ಕ ಆ ತಿದ್ದುಪಡಿಯನ್ನು ಮುಟ್ಟುವುದೇ ಇಲ್ಲ.

ಇಷ್ಟಾದ ಮೇಲೂ ರಿಸೀವರ್ ಹೊರಗೆ ಕೊಡುವ ಸಾಲು ಹೀಗೆ ಶುರುವಾಗುತ್ತದೆ:

```
$GPRMC,043000.00,A,
```

ನಾಲ್ಕೂವರೆ, ಯುಟಿಸಿ. ಇದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಹತ್ತು ಗಂಟೆ. ಆ ಐದೂವರೆ ಯಾವ ಉಪಗ್ರಹದಿಂದಲೂ ಬರುವುದಿಲ್ಲ. ದೇಶಗಳು ತಾವೇ ಗೊತ್ತುಮಾಡಿಕೊಂಡ ಸಂಗತಿ ಅದು, ಉಪಕರಣದೊಳಗಿನ ಪಟ್ಟಿಯಲ್ಲೋ ನಾವು ಮಾಡಿದ ಸೆಟ್ಟಿಂಗ್‌ನಲ್ಲೋ ಇರಬೇಕು. ನೇಪಾಳದ ಗಡಿ ದಾಟಿದವರಿಗೆ ಅದು ಐದೂಮುಕ್ಕಾಲು. ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ದೇಶಗಳು ನಿಯಮ ಬದಲಿಸಿದರೆ ಆ ಪಟ್ಟಿಯನ್ನೂ ಹೊಸದಾಗಿ ತುಂಬಿಸಬೇಕು. ಹಾಗಾಗಿ ಸಮಯ ಪೂರಾ ಒಂದು ಗಂಟೆಯೋ ಅರ್ಧ ಗಂಟೆಯೋ ತಪ್ಪಿದ್ದರೆ ಆಕಾಶದ ಕಡೆ ನೋಡದೆ ಮೊದಲು ಸೆಟ್ಟಿಂಗ್ ತೆರೆದು ನೋಡಿ.