ಆಸೆ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಕಡೆ ಬಸ್ ಸ್ಟ್ಯಾಂಡಿನ ಗೋಡೆ, ಆಟೋದ ಬೆನ್ನು, ಪೇಪರಿನ ಮುಖಪುಟ, ಕೊನೆಗೆ ನಿಮ್ಮ ಮೊಬೈಲು, ಎಲ್ಲ ಕಡೆ ಒಂದೇ ಮಾತು: ‘ನಿಮ್ಮ ಮಗಳು ಡಾಕ್ಟರ್ ಆಗಬೇಕೇ? ಅಡ್ಮಿಷನ್ ಶುರುವಾಗಿದೆ.’ ಅಚ್ಚ ಕನ್ನಡ, ದಪ್ಪ ಅಕ್ಷರ, ಸುತ್ತ ಮಕ್ಕಳ ಫೋಟೋ. ಕೋಚಿಂಗ್ ಸಂಸ್ಥೆಗಳು ಕನ್ನಡದಲ್ಲಿ ಜಾಹೀರಾತು ಕೊಡುವುದಕ್ಕೆ ನಮ್ಮ ತಕರಾರಿಲ್ಲ. ಕೊಡಲೇಬೇಕು. ಆದರೆ ಆಸೆ ಹುಟ್ಟಿಸುವ ಸಾಲಷ್ಟೇ ಕನ್ನಡದಲ್ಲಿದ್ದು, ಷರತ್ತು, ಶುಲ್ಕ, ಅರ್ಜಿ, ರಸೀದಿ ಎಲ್ಲ ಇಂಗ್ಲಿಷಿನಲ್ಲಿದ್ದರೆ ಅದನ್ನು ಭಾಷಾಪ್ರೇಮ ಅನ್ನಬೇಡಿ. ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳು.

ಇದು ನಮ್ಮ ಸಿಟ್ಟಿನ ಮಾತು ಮಾತ್ರ ಅಲ್ಲ, ನಿಯಮವೂ ಹೌದು. ದಾರಿ ತಪ್ಪಿಸುವ ಜಾಹೀರಾತು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಜಾಹೀರಾತಿನ ಭರವಸೆ ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿರಬೇಕು ಎಂದು ಅದರಲ್ಲಿದೆ. 2024ರ ನವೆಂಬರಿನಲ್ಲಿ ಕೋಚಿಂಗ್ ಸಂಸ್ಥೆಗಳಿಗೆಂದೇ ಇನ್ನೊಂದು ಮಾರ್ಗಸೂಚಿ ಬಂತು. ಸೀಟು ಗ್ಯಾರಂಟಿ, ರ‍್ಯಾಂಕ್ ಗ್ಯಾರಂಟಿ ಅನ್ನುವಂತಿಲ್ಲ. ಫೋಟೋ ಹಾಕುವುದಾದರೆ ಆ ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಬೇಕು, ಅದನ್ನೂ ಫಲಿತಾಂಶ ಬಂದ ಮೇಲೆ ಪಡೆದಿರಬೇಕು. ಆ ವಿದ್ಯಾರ್ಥಿ ಯಾವ ಕೋರ್ಸು ಓದಿದ, ಎಷ್ಟು ಕಾಲ ಓದಿದ, ಅದಕ್ಕೆ ಹಣ ಕಟ್ಟಿದ್ದನೇ ಎಂಬುದನ್ನು ಫೋಟೋದ ಜೊತೆಗೇ ಹೇಳಬೇಕು. ಷರತ್ತಿನ ಅಕ್ಷರ ಭರವಸೆಯ ಅಕ್ಷರದಷ್ಟೇ ದೊಡ್ಡದಿರಬೇಕು. ಈ ಸಲ ನಿಮ್ಮ ಕೈಗೆ ಬಂದ ಪಾಂಪ್ಲೆಟ್ ತೆಗೆದು ನೋಡಿ. ಇದರಲ್ಲಿ ಎಷ್ಟು ಪಾಲನೆಯಾಗಿದೆ?

ಒಂದು ಜಾಹೀರಾತನ್ನು ಬಿಚ್ಚಿ ನೋಡೋಣ. ‘ನಮ್ಮ 150 ವಿದ್ಯಾರ್ಥಿಗಳು ನೀಟ್ ತೇರ್ಗಡೆ’ ಎಂದು ಬರೆದಿದೆ ಅಂದುಕೊಳ್ಳಿ. ಓದಿದ ಅಪ್ಪ ಅಮ್ಮನಿಗೆ 150 ಡಾಕ್ಟರುಗಳು ಕಾಣುತ್ತಾರೆ. ಆದರೆ 2025ರಲ್ಲಿ ದೇಶದಾದ್ಯಂತ ನೀಟ್ ಬರೆದವರು 22 ಲಕ್ಷಕ್ಕೂ ಹೆಚ್ಚು, ಅರ್ಹತೆ ಪಡೆದವರು 12 ಲಕ್ಷಕ್ಕೂ ಹೆಚ್ಚು. ಅಂದರೆ ಬರೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ‘ತೇರ್ಗಡೆ’ಯೇ. ಆ ವರ್ಷ ಸಾಮಾನ್ಯ ವರ್ಗದವರಿಗೆ 720ಕ್ಕೆ 144 ಅಂಕ ಬಂದರೆ ಅರ್ಹತೆ ಸಿಕ್ಕಿತು, ನೂರಕ್ಕೆ 20. ಎಂಬಿಬಿಎಸ್ ಸೀಟು ಮಾತ್ರ ಸರ್ಕಾರಿ, ಖಾಸಗಿ ಎಲ್ಲ ಸೇರಿ ಸುಮಾರು 1.2 ಲಕ್ಷ. ಹಾಗಾಗಿ ‘ತೇರ್ಗಡೆ’ ಅನ್ನುವ ಪದ ಸುಳ್ಳಲ್ಲ, ಆದರೆ ಅದು ಹೇಳುವುದು ಏನನ್ನೂ ಅಲ್ಲ. ಕೇಳಬೇಕಾದ ಪ್ರಶ್ನೆ ಎರಡೇ: ನಿಮ್ಮಲ್ಲಿ ಪರೀಕ್ಷೆಗೆ ಕೂತವರು ಎಷ್ಟು? ಸರ್ಕಾರಿ ಕೋಟಾದಲ್ಲಿ ಎಂಬಿಬಿಎಸ್ ಸೀಟು ಸಿಕ್ಕಿದ್ದು ಎಷ್ಟು ಜನಕ್ಕೆ?

ಸಿಇಟಿ ಜಾಹೀರಾತಿನಲ್ಲಿ ಇನ್ನೊಂದು ಲೆಕ್ಕ ನಡೆಯುತ್ತದೆ. ಒಂದೇ ಸಿಇಟಿ ಬರೆದ ಮಗುವಿಗೆ ಇಂಜಿನಿಯರಿಂಗ್, ಕೃಷಿ, ಪಶುವೈದ್ಯ, ಫಾರ್ಮಸಿ, ಯೋಗ-ನ್ಯಾಚುರೋಪತಿ, ನರ್ಸಿಂಗ್ ಹೀಗೆ ಬೇರೆಬೇರೆ ಪಟ್ಟಿಯಲ್ಲಿ ಬೇರೆಬೇರೆ ರ‍್ಯಾಂಕ್ ಬರುತ್ತದೆ. ‘ಸಾವಿರದ ಒಳಗೆ 200 ರ‍್ಯಾಂಕ್’ ಅಂದರೆ 200 ಮಕ್ಕಳು ಅಂತಲ್ಲ. 50 ಮಕ್ಕಳು ನಾಲ್ಕು ನಾಲ್ಕು ಪಟ್ಟಿಯಲ್ಲಿ ಬಂದರೂ 200 ಆಗುತ್ತದೆ. ಜಾಹೀರಾತು ರ‍್ಯಾಂಕ್ ಎಣಿಸಿದೆಯೋ ತಲೆ ಎಣಿಸಿದೆಯೋ, ಮೊದಲು ಅದನ್ನು ಕೇಳಿ.

ಈಗ ಫೋನಿಗೆ ಬರೋಣ. ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಲ್ಲಿ ಜಾಹೀರಾತು ಕೊಡುವವರು ಊರಿನ ಹೆಸರು ಹಾಕಿ, ಸುತ್ತ ಇಷ್ಟು ಕಿಲೋಮೀಟರ್ ಎಂದು ಆರಿಸಬಹುದು. ಅದಕ್ಕೇ ಸಿಂಧನೂರಿನವರಿಗೆ ‘ಸಿಂಧನೂರಿನ ಪೋಷಕರೇ’ ಎಂದೂ ಹಿರಿಯೂರಿನವರಿಗೆ ‘ಹಿರಿಯೂರಿನ ಪೋಷಕರೇ’ ಎಂದೂ ಕಾಣಿಸುವುದು. ಒತ್ತಿದರೆ ಒಂದು ಫಾರ್ಮ್ ತೆರೆಯುತ್ತದೆ. ಫೇಸ್‌ಬುಕ್ಕಿಗೆ ನೀವು ಮೊದಲೇ ಕೊಟ್ಟಿದ್ದ ಹೆಸರು, ನಂಬರು ಅದರಲ್ಲಿ ತಾನಾಗಿ ತುಂಬಿಕೊಂಡಿರುತ್ತದೆ. ಇನ್ನೊಂದು ಸಲ ಒತ್ತಿದಿರೋ, ನಿಮ್ಮ ನಂಬರು ಸಂಸ್ಥೆಯ ಕಾಲ್ ಸೆಂಟರಿಗೆ ಹೋಯಿತು. ‘ನಿಮ್ಮ ಊರಿಗೆ ಮೂರೇ ಸೀಟು ಉಳಿದಿವೆ ಸಾರ್, ಇವತ್ತೇ ಕೊನೆ, ಐದು ಸಾವಿರ ಹಾಕಿ ಬುಕ್ ಮಾಡಿ’ ಎಂಬ ಫೋನು ಹಿಂದೆಯೇ ಬರುತ್ತದೆ. ಹೀಗೆ ಸುಳ್ಳು ಅವಸರ ಹುಟ್ಟಿಸುವುದನ್ನೂ 2024ರ ಮಾರ್ಗಸೂಚಿ ತಡೆಯುತ್ತದೆ.

ಅವಸರ ಸುಳ್ಳೇ ಎಂದು ನೀವೇ ಕಂಡುಹಿಡಿಯಬಹುದು. ಮೊಬೈಲಿನಲ್ಲಿ facebook.com/ads/library ತೆರೆಯಿರಿ. ದೇಶ ಇಂಡಿಯಾ ಎಂದು ಆರಿಸಿ, ಸಂಸ್ಥೆಯ ಪೇಜಿನ ಹೆಸರು ಹಾಕಿ. ಆ ಹೊತ್ತಿಗೆ ನಡೆಯುತ್ತಿರುವ ಅವರ ಜಾಹೀರಾತುಗಳು ಕಾಣುತ್ತವೆ, ಪ್ರತಿಯೊಂದೂ ಯಾವ ದಿನ ಶುರುವಾಯಿತು ಎಂಬುದೂ ಕಾಣುತ್ತದೆ. ‘ಇವತ್ತೇ ಕೊನೆ ದಿನ’ ಅನ್ನುವ ಜಾಹೀರಾತು ಮೂರು ವಾರದಿಂದ ಓಡುತ್ತಿದ್ದರೆ, ನಿಮ್ಮೂರಿಗಷ್ಟೇ ಎಂದ ‘ಮೂರೇ ಸೀಟು’ ಇನ್ನು ಹತ್ತು ಊರಿಗೂ ಉಳಿದಿದ್ದರೆ, ಬೇರೆ ಪುರಾವೆ ಬೇಕಿಲ್ಲ.

ಸ್ಕಾಲರ್‌ಶಿಪ್ ಪರೀಕ್ಷೆಯ ಜಾಹೀರಾತನ್ನೂ ಹೀಗೇ ಲೆಕ್ಕ ಹಾಕಿ ನೋಡಿ. ಶುಲ್ಕ 1,50,000, ನಿಮ್ಮ ಮಗನಿಗೆ ಶೇಕಡಾ 40 ರಿಯಾಯಿತಿ, ಕಟ್ಟುವುದು 90,000 ಎನ್ನುತ್ತಾರೆ. ಪರೀಕ್ಷೆ ಬರೆದ ಎಲ್ಲರಿಗೂ ಒಂದಿಷ್ಟು ರಿಯಾಯಿತಿ ಸಿಕ್ಕಿದ್ದರೆ 1,50,000 ಕಟ್ಟಿದವರು ಯಾರೂ ಇಲ್ಲ ಎಂದರ್ಥ. ಆಗ 90,000 ಅನ್ನುವುದೇ ಅಸಲು ಬೆಲೆ, ರಿಯಾಯಿತಿ ಬರೀ ಸಿಹಿಮಾತು. ಹಾಸ್ಟೆಲ್, ಪುಸ್ತಕ, ಟೆಸ್ಟ್ ಸೀರೀಸ್ ಆಮೇಲೆ ಬೇರೆ ಸೇರುತ್ತವೆ. ಅದನ್ನು ಜಾಹೀರಾತು ಹೇಳುವುದಿಲ್ಲ, ಇಂಗ್ಲಿಷ್ ರಸೀದಿ ಹೇಳುತ್ತದೆ.

‘ಜಾಹೀರಾತು ಕೊಡದಿದ್ದರೆ ಹಳ್ಳಿಯವರಿಗೆ ಗೊತ್ತಾಗುವುದಾದರೂ ಹೇಗೆ?’ ಎಂದು ಸಂಸ್ಥೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಾಗಾದರೆ ಗೊತ್ತಾಗುವಂತೆ ಕೊಡಿ. ನಾವು ಕೇಳುವ ಜಾಹೀರಾತು ಇಷ್ಟೇ: ‘ಕಳೆದ ವರ್ಷ ನಮ್ಮಲ್ಲಿ ನೀಟ್ ಬರೆದವರು 240. ಅರ್ಹತೆ ಪಡೆದವರು 150. ಸರ್ಕಾರಿ ಕೋಟಾದಲ್ಲಿ ಎಂಬಿಬಿಎಸ್ ಸೇರಿದವರು 11. ಹಾಸ್ಟೆಲ್, ಪುಸ್ತಕ ಸೇರಿ ವರ್ಷಕ್ಕೆ ಒಟ್ಟು ಇಷ್ಟು. ಮಧ್ಯದಲ್ಲಿ ಬಿಟ್ಟರೆ ಉಳಿದ ತಿಂಗಳ ಹಣ ವಾಪಸ್.’ ಐದು ಸಾಲು, ಒಂದೇ ಅಳತೆಯ ಅಕ್ಷರ, ಎಲ್ಲ ಕನ್ನಡದಲ್ಲಿ. ಚೆನ್ನಾಗಿ ಕಲಿಸುವ ಸಂಸ್ಥೆಗೆ ಇದರಿಂದ ನಷ್ಟವಿಲ್ಲ. 240ಕ್ಕೆ 11 ಎಂಬುದನ್ನು ಓದಿಯೂ ಮಗಳನ್ನು ಕಳಿಸುವ ಅಪ್ಪ ಗೊತ್ತಿದ್ದು ಕಳಿಸುತ್ತಾನೆ. ಎರಡು ಎಕರೆ ಅಡವಿಟ್ಟರೂ ಏನಕ್ಕೆ ಇಟ್ಟೆ ಎಂದು ಅವನಿಗೆ ತಿಳಿದಿರುತ್ತದೆ.

ನಮ್ಮ ವೃತ್ತಿಯವರಿಗೂ ಒಂದು ಮಾತು. ಫಲಿತಾಂಶದ ಹೊತ್ತಿಗೆ ಜಿಲ್ಲಾ, ತಾಲ್ಲೂಕು ವರದಿಗಾರರಿಗೆ ಜಾಹೀರಾತು ತರುವ ಟಾರ್ಗೆಟ್ ಬೀಳುತ್ತದೆ, ಕಮಿಷನ್ನೂ ಸಿಗುತ್ತದೆ. ಸಂಬಳವಿಲ್ಲದ ಕೆಲಸದಲ್ಲಿ ಕಮಿಷನ್ ಬೇಡ ಎನ್ನುವುದು ಸುಲಭವಲ್ಲ, ಅದು ನಮಗೆ ಗೊತ್ತು. ಆದರೆ ಜಾಹೀರಾತನ್ನು ಜಾಹೀರಾತಿನ ಜಾಗದಲ್ಲೇ ಇಡೋಣ. ಅದೇ ಸಂಸ್ಥೆಯ ‘ಅಭೂತಪೂರ್ವ ಸಾಧನೆ’ಯನ್ನು ಮರುದಿನ ಸುದ್ದಿಯೆಂದು ಬರೆಯುವುದು ಬೇಡ. ಬರೆಯುವುದಾದರೆ ಆ ಎರಡು ಪ್ರಶ್ನೆ ಕೇಳಿಯೇ ಬರೆಯೋಣ.

ಓದುಗರೇ, ಮೋಸ ಅನ್ನಿಸಿದರೆ ಪಾಂಪ್ಲೆಟ್ ಎಸೆಯಬೇಡಿ, ಫೋನಿನ ಜಾಹೀರಾತಿನ ಸ್ಕ್ರೀನ್‌ಶಾಟ್ ಅಳಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ದೂರು ಹೇಳಬಹುದು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಕಾನೂನಿದೆ. ಹಣ ಕೇಳುವಾಗ ಕನ್ನಡ ಬರುವವರಿಗೆ ಲೆಕ್ಕ ಕೊಡುವಾಗಲೂ ಬರಲಿ.