ಅಜ್ಜಿಯ ಮುತ್ತಿನ ಸರ: ದಾರ ಕತ್ತರಿಸೋ ಮುಂಚೆ ತೂತು ನೋಡಿ

ಹೋದ ತಿಂಗಳು ಒಂದು ಶನಿವಾರ ರಾತ್ರಿ ದೊಡ್ಡಮ್ಮನ ಮಗಳು ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದಳು. ಮೂರೆಳೆ ಮುತ್ತಿನ ಸರ, ಹಳೇ ಚಿನ್ನದ ಕೊಕ್ಕೆ. ಕೆಳಗೆ ಮೆಸೇಜು: “ಅಜ್ಜಿದು. ದಾರ ಹೋಗಿದೆ. ಅಂಗಡಿಯವರು ಮುತ್ತಿಗೆ ಬೆಲೆ ಇಲ್ಲ, ಕೊಕ್ಕೆ ಚಿನ್ನಕ್ಕಷ್ಟೇ ಬೆಲೆ ಅಂದ್ರು. ಬಿಚ್ಚಿ, ಪಾಲಿಶ್ ಮಾಡಿ, ಹಾಳಾಗಿರೋದನ್ನ ತೆಗೆದು ಹೊಸದು ಸೇರಿಸಿ ಕೊಡ್ತಾರಂತೆ. ಸೋಮವಾರ ಕೊಟ್ಟುಬಿಡ್ಲಾ?”

ನಾನು ತಕ್ಷಣ ಫೋನ್ ಮಾಡಿದೆ. “ಅಕ್ಕಾ, ಕೊಡಬೇಡ. ದಾರಾನೂ ಮುಟ್ಟಬೇಡ. ನಾಳೆ ಬರ್ತೀನಿ.”

ರತ್ನಶಾಸ್ತ್ರ ಓದಿದ್ದಕ್ಕೆ ನೆಂಟರ ಮನೆಯಲ್ಲಿ ನನಗೆ ಸಿಗುವ ಕೆಲಸ ಇದೇ. ಆದರೆ ಈ ಸಲ ಅವಸರಕ್ಕೆ ಕಾರಣವಿತ್ತು. ಅಜ್ಜಿಯ ಒಡವೆ ಹಂಚಿಕೆಯಲ್ಲಿ ಸರ ಅಕ್ಕನಿಗೆ, ಬಳೆ ಜೋಡಿ ಅವಳ ತಂಗಿಗೆ ಅಂತ ಮಾತಾಗಿತ್ತು. ಸರಕ್ಕೆ ಬೆಲೆಯೇ ಇಲ್ಲ ಅಂದಾಗ, ತಂಗಿ ಅಕ್ಕನಿಗೆ ದುಡ್ಡು ತುಂಬಿಕೊಡಬೇಕು ಅನ್ನೋ ಲೆಕ್ಕ ಶುರುವಾಗಿತ್ತು. ದೊಡ್ಡಮ್ಮ ಮಾತ್ರ “ಅದು ಬಸ್ರಾ ಮುತ್ತು ಕಣ್ರೇ” ಅಂತ ಹಠ ಹಿಡಿದಿದ್ದರು. ಪರ್ಷಿಯನ್ ಕೊಲ್ಲಿಯಲ್ಲಿ ಮುಳುಗುಗಾರರು ತೆಗೆದ ಸಹಜ ಮುತ್ತಿಗೆ, ಬಸ್ರಾ ಬಂದರಿನ ಹೆಸರಲ್ಲಿ ನಮ್ಮ ಕಡೆ ಇಟ್ಟ ಹೆಸರು ಅದು. ಈಗ ಅಂಥ ಮುತ್ತು ಸಮುದ್ರದಿಂದ ಬರೋದು ತೀರಾ ಕಡಿಮೆ. ನಮ್ಮದೇ ತೂತುಕುಡಿಯಲ್ಲಿ ಕೊನೆಯ ದೊಡ್ಡ ಮುತ್ತಿನ ಬೇಟೆ ನಡೆದದ್ದು 1961ರಲ್ಲಿ. ಹಾಗಾಗಿ ಹಳೇ ಸರಗಳೇ ಈಗ ಗಣಿ.

ಭಾನುವಾರ ಹೋದಾಗ ಡೈನಿಂಗ್ ಟೇಬಲ್ ಮೇಲೆ ತಟ್ಟೆ ಇಟ್ಟು, ಅದರ ಮೇಲೆ ಬಿಳಿ ಟವೆಲ್ ಹಾಸಿದೆವು. ದಾರ ತುಂಡಾದರೂ ಮುತ್ತು ಉರುಳಿಹೋಗಬಾರದು ಅಂತ. ಬೇಕಾದ ಸಾಮಾನು ಎರಡೇ: ಕೆಲವು ನೂರು ರೂಪಾಯಿಗೆ ಸಿಗುವ ಹತ್ತು ಪಟ್ಟಿನ ಲೂಪ್ ಭೂತಗನ್ನಡಿ, ಮತ್ತೆ ಒಂದು ಸಣ್ಣ ಟಾರ್ಚು. ಮೊದಲು ಇಡೀ ಸರದ ಫೋಟೊ, ಆಮೇಲೆ ಒಂದೊಂದು ಎಳೆಯ ಎಣಿಕೆ. ಒಳಗಿನ ಎಳೆಯಲ್ಲಿ 97, ನಡುವಿನದರಲ್ಲಿ 105, ಹೊರಗಿನದರಲ್ಲಿ 64. ಈ ಎಣಿಕೆ ಒಂದು ಚೀಟಿಯಲ್ಲಿ ಬರೆದಿಡಿ. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ಅಕ್ಕ ಕೇಳಿದ ಮೊದಲ ಪ್ರಶ್ನೆ ಎಲ್ಲರೂ ಕೇಳೋದೇ. “ಹಲ್ಲಿಗೆ ಉಜ್ಜಿ ನೋಡಿದರೆ ಗೊತ್ತಾಗಲ್ವಾ?”

ಗೊತ್ತಾಗುತ್ತೆ, ಆದರೆ ಅರ್ಧ ಮಾತ್ರ. ಮುತ್ತಿನ ಮೇಲ್ಮೈ ಅತಿ ತೆಳು ಹಲ್ಲೆಗಳನ್ನು ಒಂದರ ಮೇಲೊಂದು ಇಟ್ಟಂತೆ ಕಟ್ಟಿರುತ್ತೆ. ಹಲ್ಲಿಗೆ ಸೋಕಿದಾಗ ನಯವಾದ ಮರಳಿನಂತೆ ಸ್ವಲ್ಪ ತರಿತರಿ ಅನ್ನಿಸುತ್ತೆ. ಗಾಜು, ಪ್ಲಾಸ್ಟಿಕ್ ಜಾರುತ್ತೆ. ಸಮಸ್ಯೆ ಏನಂದ್ರೆ, ಕಲ್ಚರ್ಡ್ ಮುತ್ತಿನ ಮೇಲ್ಮೈಯನ್ನೂ ಕಟ್ಟಿರೋದು ಅದೇ ಚಿಪ್ಪಿನ ಜೀವಿ. ಅದೂ ತರಿತರಿಯೇ. ಅಂದ್ರೆ ಹಲ್ಲಿನ ಪರೀಕ್ಷೆ ನಕಲಿಯನ್ನು ಬೇರ್ಪಡಿಸುತ್ತೆ, ಸಹಜ ಮತ್ತು ಕಲ್ಚರ್ಡ್ ನಡುವೆ ಏನನ್ನೂ ಹೇಳಲ್ಲ. “ಹಲ್ಲಿಗೆ ಉಜ್ಜಿದೆ, ಒರಿಜಿನಲ್” ಅಂತ ಯಾರಾದರೂ ಸಹಜ ಮುತ್ತಿನ ಬೆಲೆ ಹೇಳಿದರೆ ನಂಬಬೇಡಿ. ಹಲ್ಲಿಗಿಂತ ಒಳ್ಳೇದು, ಅದೇ ಸರದ ಎರಡು ಮುತ್ತನ್ನು ತೂತಿನ ಪಕ್ಕದಲ್ಲಿ, ಕಾಣದ ಜಾಗದಲ್ಲಿ, ಒಂದಕ್ಕೊಂದು ತೀರಾ ಹಗುರವಾಗಿ ಸೋಕಿಸೋದು. ಅದೇ ತರಿ ಬೆರಳಿಗೆ ಗೊತ್ತಾಗುತ್ತೆ. ಒತ್ತಿ ಉಜ್ಜಬಾರದು, ಒಂದು ಸಲ ಸಾಕು. ಬೆಂಕಿ ತೋರಿಸೋದು, ನಿಂಬೆರಸ ಬಿಡೋದು ಇವೆಲ್ಲ ಬೇಡವೇ ಬೇಡ. ಮುತ್ತು ಬಹುಪಾಲು ಸುಣ್ಣದ ಜಾತಿಯದು, ಹುಳಿ ಅದನ್ನು ಕರಗಿಸುತ್ತೆ. ಚಿನ್ನ ತೊಳೆಯೋ ಹಾಗೆ ಹುಣಸೆಹಣ್ಣಲ್ಲಿ ನೆನೆಸಿ ಹಾಳುಮಾಡಿದ ಸರಗಳನ್ನ ನಾನೇ ನೋಡಿದ್ದೀನಿ.

ನಡುವಿನ ಎಳೆಯಲ್ಲಿ ಕೊಕ್ಕೆಯ ಹತ್ತಿರ ಹನ್ನೊಂದು ಮುತ್ತು ಜಾರಿದವು. ಅವು ಒಂದರ ಹಾಗೆ ಇನ್ನೊಂದು, ಬಣ್ಣ ಬಿಳಿ ಸುಣ್ಣದಂತೆ. ಲೂಪ್‌ನಲ್ಲಿ ತೂತಿನ ಅಂಚು ನೋಡಿದೆ. ಹಳೇ ಗೋಡೆಯ ಬಣ್ಣ ಚಕ್ಕೆ ಎದ್ದಂತೆ ಮೇಲಿನ ಲೇಪ ಎದ್ದಿತ್ತು, ಕೆಳಗೆ ಗಾಜು ಮಿಂಚುತ್ತಿತ್ತು. ಗಾಜಿನ ಮಣಿಗೆ ಮೀನಿನ ಹುರುಪೆಯಿಂದ ಮಾಡಿದ ಹೊಳಪಿನ ಲೇಪ ಕೊಡೋದು ತುಂಬ ಹಳೇ ವಿದ್ಯೆ. ನಿಜವಾದ ಮುತ್ತಿನ ಮೈಮೇಲೆ ಲೂಪ್ ಹಿಡಿದರೆ ಕೆಲವು ಕಡೆ ಬೆರಳಚ್ಚಿನಂಥ ಸಣ್ಣ ಗೆರೆಗಳು ಕಾಣುತ್ತವೆ. ಲೇಪದ ಮಣಿಯಲ್ಲಿ ಅದು ಇರಲ್ಲ, ಪುಡಿ ಉದುರಿಸಿದಂತೆ ಇರುತ್ತೆ.

ಆಗ ದೊಡ್ಡಮ್ಮನಿಗೆ ನೆನಪಾಯಿತು. “ಯಾರದೋ ಮದುವೆಯಲ್ಲಿ ಸರ ಕಿತ್ತೋಯ್ತು. ಒಂದಷ್ಟು ಬಚ್ಚಲ ಮೋರಿಗೆ ಹೋದವು. ನಿಮ್ಮಜ್ಜಿ ಎಲ್ಲಿಂದಲೋ ತಂದು ತುಂಬಿಸಿದ್ದಳು.” ಹಳೇ ಸರದಲ್ಲಿ ಇದು ಸಾಮಾನ್ಯ. ಅದಕ್ಕೇ ಒಂದು ಮುತ್ತು ನೋಡಿ ಇಡೀ ಸರದ ತೀರ್ಮಾನ ಮಾಡಬಾರದು. ಎರಡೂ ಕಡೆಗೆ ಈ ಮಾತು ಅನ್ವಯಿಸುತ್ತೆ. ಬಹುಶಃ ಅಂಗಡಿಯವರು ಕೊಕ್ಕೆ ಪಕ್ಕದ್ದನ್ನೇ ನೋಡಿ “ಮಣಿ” ಅಂದಿದ್ದರು.

ಈಗ ಉಳಿದದ್ದು ಕಷ್ಟದ ಪ್ರಶ್ನೆ, ಸಹಜವೋ ಕಲ್ಚರ್ಡೋ. ಕಲ್ಚರ್ಡ್ ಮುತ್ತಿನ ಒಳಗೇನಿದೆ ಅಂತ ಗೊತ್ತಿದ್ದರೆ ಏನು ಹುಡುಕಬೇಕು ಅಂತಲೂ ಗೊತ್ತಾಗುತ್ತೆ. ಸಮುದ್ರದ ಕಲ್ಚರ್ಡ್ ಮುತ್ತಿಗೆ ಸಿಹಿನೀರ ಚಿಪ್ಪನ್ನು ಉರುಟಾಗಿ ಕಡೆದ ಒಂದು ಗುಂಡನ್ನು ಚಿಪ್ಪಿನ ಜೀವಿಯೊಳಗೆ ಇಡ್ತಾರೆ. ಅದು ಆ ಗುಂಡಿನ ಸುತ್ತ ಮುತ್ತಿನ ಪದರ ಕಟ್ಟುತ್ತೆ. ಎಷ್ಟೋ ಮುತ್ತುಗಳಲ್ಲಿ ಆ ಪದರ ಅರ್ಧ ಮಿಲಿಮೀಟರಿನ ಆಸುಪಾಸು, ಉಳಿದದ್ದೆಲ್ಲ ಗುಂಡೇ. ಸಹಜ ಮುತ್ತಿನಲ್ಲಿ ಗುಂಡಿಲ್ಲ. ಈರುಳ್ಳಿಯ ಹಾಗೆ ನಡುವಿನಿಂದಲೇ ಪದರ.

ಇದು ಕಾಣಿಸೋ ಕಿಟಕಿ ತೂತು. ದಾರ ಸಡಿಲವಾಗಿದ್ದರೆ ಮುತ್ತುಗಳನ್ನು ಬೆರಳಲ್ಲೇ ಸ್ವಲ್ಪ ಸರಿಸಿ ಒಳಗೆ ಇಣುಕಬಹುದು. ಸೂಜಿ ತೂರಿಸಬೇಡಿ, ಅಂಚು ಒಡೆಯುತ್ತೆ.

ಹೊರಗಿನ ಎಳೆಯ ತೂತು ಅಗಲವಾಗಿತ್ತು. ಅಂಚಲ್ಲಿ ಕೋಳಿಮೊಟ್ಟೆ ಸಿಪ್ಪೆಯಷ್ಟು ತೆಳುವಾದ ಹೊಳೆಯುವ ಪದರ, ಅದರ ಕೆಳಗೆ ಕಂದು ಗೆರೆ, ಗೆರೆಯಿಂದ ಒಳಗೆ ಮಂಕು ಬಿಳಿ. ಗುಂಡು ಮತ್ತು ಪದರ ಸೇರೋ ಜಾಗದ ಗೆರೆ ಅದು. ಕೋಣೆ ಕತ್ತಲು ಮಾಡಿ, ಟಾರ್ಚಿನ ಮೇಲೆ ಮುತ್ತಿಟ್ಟು ನಿಧಾನ ತಿರುಗಿಸಿದೆ. ಕೆಲವು ಮುತ್ತುಗಳ ಒಳಗೆ ಮರದ ಹಲಗೆಯಲ್ಲಿರೋ ಹಾಗೆ ಸಮಾನಾಂತರ ಪಟ್ಟೆ ಕಂಡವು. ಅದು ಚಿಪ್ಪಿನ ಗುಂಡಿನ ಗೆರೆ. ಪದರ ದಪ್ಪಗಿದ್ದರೆ ಈ ಪಟ್ಟೆ ಕಾಣಲ್ಲ, ಹಾಗಾಗಿ ಕಾಣದಿದ್ದರೆ ಅದಕ್ಕೆ ಅರ್ಥವಿಲ್ಲ, ಕಂಡರೆ ಮಾತ್ರ ಅರ್ಥ. 64 ಮುತ್ತೂ ಏಳು ಮಿಲಿಮೀಟರ್, ಎಲ್ಲವೂ ಗುಂಡಗೆ. ಕಲ್ಚರ್ಡ್ ಅಂತ ಬರೆದುಕೊಂಡೆ. “ಅದು ನಿಮ್ಮ ತಾತ ಆಮೇಲೆ ಬೊಂಬಾಯಿಂದ ತಂದು ಸೇರಿಸಿದ್ದು” ಅಂದರು ದೊಡ್ಡಮ್ಮ, ಮೊದಲೇ ಹೇಳಬಹುದಿತ್ತು!

ಒಳಗಿನ ಎಳೆ ಬೇರೆಯೇ ಲೋಕ. ಮೂರೂವರೆ ನಾಲ್ಕು ಮಿಲಿಮೀಟರ್ ಮುತ್ತು, ಪೂರ್ತಿ ಗುಂಡಗಿಲ್ಲ, ಕೆಲವು ಕೆನೆ ಬಣ್ಣ, ಕೆಲವಕ್ಕೆ ತಿಳಿ ಗುಲಾಬಿ ಛಾಯೆ. ತೂತು ಎಷ್ಟು ಸಣ್ಣದು ಅಂದ್ರೆ ದಾರ ಬಿಗಿದು ಕೂತಿತ್ತು. ಇದಕ್ಕೊಂದು ವ್ಯಾಪಾರದ ಕಾರಣ ಇದೆ. ಬೊಂಬಾಯಿ ಮತ್ತು ಕೊಲ್ಲಿಯ ಹಳೇ ಮುತ್ತಿನ ವ್ಯಾಪಾರದಲ್ಲಿ ಬೆಲೆ ತೂಕದ ವರ್ಗದ ಲೆಕ್ಕದಲ್ಲಿ ಏರುತ್ತಿತ್ತು. ತೂಕ ಎರಡು ಪಟ್ಟಾದರೆ ಬೆಲೆ ನಾಲ್ಕು ಪಟ್ಟು. ದೊಡ್ಡ ತೂತು ಕೊರೆದರೆ ತೂಕದ ಜೊತೆ ದುಡ್ಡೂ ಪುಡಿಯಾಗಿ ಹೋಗುತ್ತೆ. ಅದಕ್ಕೇ ಸಹಜ ಮುತ್ತು ಕೊರೆಯುವವರು ಆದಷ್ಟು ಸಣ್ಣ ತೂತು ಕೊರೆದರು. ಈ ಮುತ್ತುಗಳ ತೂತಿನೊಳಗೆ ಗೆರೆಯಿಲ್ಲ, ಅಂಚಿನಿಂದ ಒಳಕ್ಕೆ ಒಂದೇ ತರದ ಪದಾರ್ಥ, ಒಳಗೊಳಗೆ ಹಳದಿ ಗಾಢವಾಗಿತ್ತು. ನಡುವಿನ ಎಳೆಯ 94 ಮುತ್ತೂ ಇದೇ ಜಾತಿ.

“ಹಾಗಾದ್ರೆ ಬಸ್ರಾನೇ!” ಅಂದಳು ಅಕ್ಕ.

ನಾನು ಹೂಂ ಅನ್ನಲಿಲ್ಲ. ಗುಂಡಿಲ್ಲದ ಕಲ್ಚರ್ಡ್ ಮುತ್ತೂ ಇದೆ. ಸಿಹಿನೀರ ಚಿಪ್ಪಿನಲ್ಲಿ ಗುಂಡಿನ ಬದಲು ಇನ್ನೊಂದು ಚಿಪ್ಪಿನ ಮಾಂಸದ ಚೂರು ಇಟ್ಟು ಬೆಳೆಸೋದು. ಚೀನಾದಿಂದ ಇಂಥವು ರಾಶಿರಾಶಿ ಬಂದಿವೆ. ಅದರ ತೂತಲ್ಲೂ ಗೆರೆ ಇರಲ್ಲ, ಆಕಾರವೂ ಅಂಕುಡೊಂಕು. ಲೂಪ್ ಇಲ್ಲಿಗೆ ಸುಸ್ತು. ಅಜ್ಜಿಯ 1946ರ ಮದುವೆ ಫೋಟೊದಲ್ಲಿ ಎರಡೆಳೆ ಸರ ಇದೆ, ಆ ಚೀನಾ ಮುತ್ತು ಮಾರುಕಟ್ಟೆಗೆ ಬಂದದ್ದು ಅದಕ್ಕಿಂತ ದಶಕಗಳ ನಂತರ. ಇದು ನಮ್ಮ ಪರವಾದ ಸಾಕ್ಷಿ. ಆದರೆ ಫೋಟೊದಲ್ಲಿರೋದು ಇವೇ ಮುತ್ತು ಅಂತ ಫೋಟೊ ಹೇಳಲ್ಲ. ಮುತ್ತಿನ ಒಳಗಿನ ಪದರವನ್ನು ಹಾನಿಯಿಲ್ಲದೆ ತೋರಿಸೋದು ಎಕ್ಸ್‌ರೇ ಮಾತ್ರ, ಅದೂ ಮುತ್ತು ಪರೀಕ್ಷೆಯ ಸೌಲಭ್ಯವಿರೋ ರತ್ನ ಪ್ರಯೋಗಾಲಯದಲ್ಲಿ. ಕಳಿಸೋ ಮುಂಚೆ ಫೋನ್ ಮಾಡಿ “ಸಹಜವೋ ಕಲ್ಚರ್ಡೋ ಅಂತ ಎಕ್ಸ್‌ರೇ ಮಾಡಿ ಬರೆದುಕೊಡ್ತೀರಾ” ಅಂತಲೇ ಕೇಳಿ. ಬರೀ “ಅಸಲಿ ಮುತ್ತು” ಅನ್ನೋ ಸರ್ಟಿಫಿಕೇಟ್ ಕಲ್ಚರ್ಡ್‌ಗೂ ಸಿಗುತ್ತೆ.

ಸರವನ್ನು ತೊಳೆಯದೆ, ಬಿಚ್ಚದೆ, ಹಾಗೇ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಕಳಿಸಿದೆವು. ಕಿತ್ತ ಮೇಲೆ ಪೋಣಿಸಿದರೆ ಯಾವುದು ಯಾವ ಎಳೆಯದು ಅನ್ನೋ ಜಾಡೇ ಹೋಗುತ್ತೆ, ಜೊತೆಗೆ ಅಂಗಡಿಯಲ್ಲಿ ಒಳ್ಳೆಯದರ ಜಾಗಕ್ಕೆ ಬೇರೆಯದು ಬಂದರೂ ಹೇಳೋಕೆ ನಮ್ಮ ಹತ್ರ ಏನೂ ಇರಲ್ಲ. ಪಾಲಿಶ್ ಅಂದ್ರೆ ಪದರ ಸವೆಸೋದು. ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರದ ನಡುಗಿಗೆ ಹಳೇ ಮುತ್ತು ಬಿರುಕು ಬಿಡಬಹುದು.

ಮೂರು ವಾರದ ಮೇಲೆ ವರದಿ ಬಂತು. ಹೊರಗಿನ ಎಳೆ ಗುಂಡಿರೋ ಕಲ್ಚರ್ಡ್. ಒಳಗಿನ 97, ನಡುವಿನ 94 ಸಹಜ, ಸಮುದ್ರದ್ದು. ಬಸ್ರಾ ಅಂತ ಬರೆದಿರಲಿಲ್ಲ, ಯಾವ ಸಮುದ್ರ ಅಂತ ವರದಿ ಹೇಳಲಿಲ್ಲ. ದೊಡ್ಡಮ್ಮನಿಗೆ ಅದೊಂದು ಬೇಜಾರು ಉಳಿದಿದೆ. ತಂಗಿ ದುಡ್ಡು ತುಂಬಿಕೊಡೋ ಲೆಕ್ಕ ತಿರುಗಿಬಿತ್ತು, ಈಗ ಅಕ್ಕನೇ ಕೊಡಬೇಕಾದ ಲೆಕ್ಕ. ಇಬ್ಬರೂ ಕೂತು ಒಳಗಿನ ಎಳೆ ಒಬ್ಬಳಿಗೆ, ನಡುವಿನದು ಇನ್ನೊಬ್ಬಳಿಗೆ ಅಂತ ಮಾಡಿಕೊಂಡರು.

ಮುತ್ತು ಪೋಣಿಸುವವರ ಹತ್ತಿರ ಇಬ್ಬರೂ ಜೊತೆಗೇ ಹೋಗಿ ಎದುರಿಗೇ ಕೂತಿದ್ದರು. ರೇಷ್ಮೆ ದಾರ, ಪ್ರತಿ ಮುತ್ತಿನ ಮಧ್ಯೆ ಗಂಟು, ಕಿತ್ತರೂ ಒಂದೇ ಉರುಳಲಿ ಅಂತ. ಹಳೇ ತೂತು ಸಣ್ಣದು, ಕೊರೆದು ಅಗಲ ಮಾಡ್ಲಾ ಅಂತ ಅವರು ಕೇಳಿದಾಗ ಇಬ್ಬರೂ ಒಟ್ಟಿಗೆ ಬೇಡ ಅಂದರಂತೆ, ತೆಳು ದಾರವೇ ಹಾಕಿಸಿದರು. ಮುಗಿದ ಮೇಲೆ ಚೀಟಿ ತೆಗೆದು ಎಣಿಸಿದರು: 97, 94. ಹನ್ನೊಂದು ಗಾಜಿನ ಮಣಿ ದೊಡ್ಡಮ್ಮನ ಕುಂಕುಮದ ಭರಣಿ ಪಕ್ಕದಲ್ಲಿ ಒಂದು ಡಬ್ಬಿಯಲ್ಲಿವೆ.